ವೆಂಡರ್ ಪ್ರೊಫೈಲ್ ಶೀಟ್: ಒಂದು ಪ್ಯಾನ್‌ಗೆ ಒಂದೇ ಸಾಲು

ಪೀಣ್ಯದ ಕಾರ್ಖಾನೆಯೊಂದರಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತಿದ್ದಾಗ ನಮ್ಮ ಎರಕದ ಬಿಡಿಭಾಗಗಳನ್ನು ಲೇತ್ ಕೆಲಸಕ್ಕೆ ಕಳುಹಿಸುತ್ತಿದ್ದ ಒಂದು ವರ್ಕ್‌ಶಾಪ್ ಇತ್ತು. ಮಾಲೀಕರು ಒಬ್ಬರೇ, ಅಂಗಡಿಯ ಹೆಸರಿನಲ್ಲಿ ಬಿಲ್ಲು ಬರುತ್ತಿತ್ತು. ಒಂದು ಏಪ್ರಿಲ್‌ನಲ್ಲಿ ಅವರು ಅದನ್ನು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ಮಾಡಿಕೊಂಡರು. ಹೊಸ ಬಿಲ್ಲಿನಲ್ಲಿ ಹಳೆಯ ಹೆಸರಿನ ಮುಂದೆ 'ಪ್ರೈವೇಟ್ ಲಿಮಿಟೆಡ್' ಎಂಬ ಎರಡು ಪದಗಳು ಸೇರಿದ್ದವು. ನಮ್ಮ ವೆಂಡರ್ ಪಟ್ಟಿಯಲ್ಲಿ ಆ ಎರಡು ಪದಗಳನ್ನು ಸೇರಿಸಿ, ಉಳಿದುದನ್ನೆಲ್ಲ ಹಾಗೆಯೇ ಬಿಟ್ಟೆವು. ಅದರಿಂದ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಈ ಲೇಖನದ ಬಹುಪಾಲು ಸಲಹೆಗಳು ಆ ಏಳು ತಿಂಗಳ ತಪ್ಪಿನಿಂದಲೇ ಬಂದವು.

ವೆಂಡರ್ ಪ್ರೊಫೈಲ್ ಶೀಟ್ ಎಂದರೆ ಹೆಸರು, ವಿಳಾಸ, ಫೋನ್ ನಂಬರುಗಳ ಪಟ್ಟಿಯಲ್ಲ. ನಾಲ್ಕು ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಸಿಗಬೇಕು: ಕಾನೂನಿನ ಪ್ರಕಾರ ನಾವು ಯಾರೊಂದಿಗೆ ವ್ಯವಹರಿಸುತ್ತಿದ್ದೇವೆ, ಅದರ ಹಿಂದೆ ಯಾವ ಜನರಿದ್ದಾರೆ, ಅದು ಎಷ್ಟು ದೊಡ್ಡದು, ಇವತ್ತು ಅದು ಯಾವ ಸ್ಥಿತಿಯಲ್ಲಿದೆ. ಇವುಗಳಲ್ಲಿ ಮೊದಲನೆಯದು ಬಹಳ ಅಪರೂಪಕ್ಕೆ ಬದಲಾಗುತ್ತದೆ, ಕೊನೆಯದು ಯಾವ ವಾರ ಬೇಕಾದರೂ ಬದಲಾಗಬಹುದು. ಆದ್ದರಿಂದ ನಾಲ್ಕಕ್ಕೂ ಬೇರೆಬೇರೆ ಕಾಲಂಗಳಿರಬೇಕು. ಪ್ರತಿಯೊಂದರ ಪಕ್ಕದಲ್ಲಿ 'ಯಾವ ದಾಖಲೆಯಿಂದ' ಮತ್ತು 'ಯಾವ ದಿನ ನೋಡಿದ್ದು' ಎಂಬ ಎರಡು ಸಣ್ಣ ಕಾಲಂಗಳೂ ಇರಬೇಕು. ದಿನಾಂಕವಿಲ್ಲದ ಮಾಹಿತಿಯನ್ನು ಆರು ತಿಂಗಳ ನಂತರ ಯಾರೂ ನಂಬುವಂತಿಲ್ಲ, ಅದನ್ನು ತುಂಬಿದವರೂ ನಂಬುವಂತಿಲ್ಲ.

ಮೊದಲ ಹೆಜ್ಜೆ: ಸಾಲು ಯಾವುದರ ಮೇಲೆ ನಿಲ್ಲಬೇಕು

ಶೀಟ್ ಮಾಡುವ ಮುನ್ನ ತೀರ್ಮಾನಿಸಬೇಕಾದ್ದು ಒಂದೇ: ಒಂದು ಸಾಲು ಎಂದರೆ ಏನು? ಹೆಸರಿನ ಮೇಲೆ ಸಾಲು ನಿಲ್ಲಿಸಿದರೆ ಒಂದೇ ಅಂಗಡಿ ಮೂರು ಬಗೆಯ ಕಾಗುಣಿತದಲ್ಲಿ ಮೂರು ಸಾಲಾಗುತ್ತದೆ. ಜಿಎಸ್‌ಟಿ ನಂಬರಿನ ಮೇಲೆ ನಿಲ್ಲಿಸಿದರೆ ಬೆಂಗಳೂರಿನಲ್ಲೂ ಹೊಸೂರಿನಲ್ಲೂ ಘಟಕವಿರುವ ಒಂದೇ ಕಂಪನಿ ಎರಡು ಸಾಲಾಗುತ್ತದೆ, ಏಕೆಂದರೆ ಪ್ರತಿ ರಾಜ್ಯಕ್ಕೂ ಜಿಎಸ್‌ಟಿ ನೋಂದಣಿ ಬೇರೆ. ಸಾಲು ನಿಲ್ಲಬೇಕಾದ್ದು ಪ್ಯಾನ್ ಮೇಲೆ. ಒಂದು ಪ್ಯಾನ್‌ಗೆ ಒಂದು ಸಾಲು. ಘಟಕಗಳು, ಜಿಎಸ್‌ಟಿ ನಂಬರುಗಳು ಮತ್ತು ಬ್ಯಾಂಕ್ ಖಾತೆಗಳು ಎರಡನೆಯ ಹಾಳೆಯಲ್ಲಿ, ಅದೇ ಪ್ಯಾನ್‌ಗೆ ಜೋಡಿಸಿಕೊಂಡು.

ಜಿಎಸ್‌ಟಿ ನಂಬರಿನ ಹದಿನೈದು ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಅಕ್ಷರಗಳು ಪ್ಯಾನ್ ಆಗಿರುತ್ತವೆ. ಆದ್ದರಿಂದ ವೆಂಡರ್ ಕೊಟ್ಟ ಪ್ಯಾನ್ ಪ್ರತಿಯೂ ಬಿಲ್ಲಿನ ಮೇಲಿನ ಜಿಎಸ್‌ಟಿ ನಂಬರೂ ಒಬ್ಬರದೇ ಹೌದೋ ಅಲ್ಲವೋ ಎಂಬುದನ್ನು ಶೀಟೇ ಹೇಳಬಲ್ಲದು. ಎರಡೂ ಹಾಳೆಗಳ A ಕಾಲಂನಲ್ಲಿ ಪ್ಯಾನ್, ಎರಡನೆಯ ಹಾಳೆಯ B ಕಾಲಂನಲ್ಲಿ ಜಿಎಸ್‌ಟಿ ನಂಬರು ಇದ್ದರೆ ಈ ಮೂರು ಸೂತ್ರಗಳು ಸಾಕು, ಮೊದಲನೆಯದು ಎರಡನೆಯ ಹಾಳೆಗೆ, ಉಳಿದೆರಡು ಮೊದಲ ಹಾಳೆಗೆ:

```
=MID(B2,3,10)=A2
=MID(A2,4,1)
=COUNTIF(A:A,A2)>1
```

ಮೊದಲನೆಯದು FALSE ಎಂದು ತೋರಿಸಿದರೆ ಎರಡು ದಾಖಲೆಗಳು ಬೇರೆಬೇರೆಯವರದು ಎಂದರ್ಥ, ಅಥವಾ ಟೈಪ್ ಮಾಡುವಾಗ ಅಕ್ಷರ ತಪ್ಪಿದೆ. ಮೂರನೆಯದು TRUE ಎಂದರೆ ಅದೇ ಪ್ಯಾನ್ ಇನ್ನೊಂದು ಸಾಲಿನಲ್ಲಿ ಈಗಾಗಲೇ ಇದೆ. ಎರಡನೆಯದರ ಉಪಯೋಗ ಮುಂದಿನ ಹೆಜ್ಜೆಯಲ್ಲಿ ಬರುತ್ತದೆ. ಹಾಗೆಯೇ, ಬ್ಯಾಂಕ್ ಖಾತೆಯ ಕಾಲಂ ಅನ್ನು ತುಂಬುವ ಮುನ್ನವೇ ಪಠ್ಯ ರೂಪಕ್ಕೆ ಬದಲಾಯಿಸಿಕೊಳ್ಳಬೇಕು. ಎಕ್ಸೆಲ್ ಸಂಖ್ಯೆಯ ಮೊದಲ ಹದಿನೈದು ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹದಿನಾರು ಅಂಕಿಯ ಖಾತೆ ನಂಬರಿನ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ, ಮೊದಲಲ್ಲಿರುವ ಸೊನ್ನೆಗಳು ಮಾಯವಾಗುತ್ತವೆ.

ಎರಡನೆಯ ಹೆಜ್ಜೆ: ಸಂಸ್ಥೆಯ ಸ್ವರೂಪ

ಪ್ಯಾನ್‌ನ ನಾಲ್ಕನೆಯ ಅಕ್ಷರ ಅದನ್ನು ಪಡೆದವರು ಯಾವ ಬಗೆಯವರು ಎಂಬುದನ್ನು ಹೇಳುತ್ತದೆ. P ಎಂದರೆ ವ್ಯಕ್ತಿ, C ಎಂದರೆ ಕಂಪನಿ, F ಎಂದರೆ ಪಾಲುದಾರಿಕೆ ಸಂಸ್ಥೆ, H ಎಂದರೆ ಹಿಂದೂ ಅವಿಭಕ್ತ ಕುಟುಂಬ, T ಎಂದರೆ ಟ್ರಸ್ಟ್. ಏಕಮಾಲೀಕತ್ವದ ಅಂಗಡಿಗೆ ಪ್ರತ್ಯೇಕ ಪ್ಯಾನ್ ಇರುವುದಿಲ್ಲ. ಮಾಲೀಕರ ಸ್ವಂತ ಪ್ಯಾನೇ ಅಂಗಡಿಯದೂ ಆಗಿರುತ್ತದೆ. ಸೀಮಿತ ಹೊಣೆಯ ಪಾಲುದಾರಿಕೆಗಳಾದ ಎಲ್‌ಎಲ್‌ಪಿಗಳಿಗೂ ಸಾಮಾನ್ಯವಾಗಿ F ಬರುವುದರಿಂದ ಅಲ್ಲಿ ಈ ಒಂದು ಅಕ್ಷರವನ್ನು ನೆಚ್ಚಿಕೊಳ್ಳುವಂತಿಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಎಲ್‌ಎಲ್‌ಪಿಯ ಗುರುತಿನ ಸಂಖ್ಯೆ ಇದೆಯೇ ಎಂದು ನೋಡಿ ತೀರ್ಮಾನಿಸಬೇಕು.

ಇಲ್ಲಿ ಮೂರು ಕಾಲಂಗಳು ಬೇಕು: ಕಾನೂನುಬದ್ಧ ಹೆಸರು, ವ್ಯವಹಾರದ ಹೆಸರು, ಸ್ವರೂಪ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನಂಬರು ಹಾಕಿ ಹುಡುಕಿದರೆ ಮೊದಲೆರಡು Legal Name ಮತ್ತು Trade Name ಎಂದು ಬೇರೆಬೇರೆಯಾಗಿ ಕಾಣುತ್ತವೆ, ಸ್ವರೂಪ Constitution of Business ಎಂಬಲ್ಲಿ ಇರುತ್ತದೆ. ಏಕಮಾಲೀಕತ್ವದಲ್ಲಿ ಕಾನೂನುಬದ್ಧ ಹೆಸರು ಎಂದರೆ ಮಾಲೀಕರ ಹೆಸರು, ಬೋರ್ಡಿನ ಮೇಲಿರುವುದು ವ್ಯವಹಾರದ ಹೆಸರು ಮಾತ್ರ. ಪರ್ಚೇಸ್ ಆರ್ಡರ್‌ನಲ್ಲಿ ಬೋರ್ಡಿನ ಹೆಸರೊಂದನ್ನೇ ಬರೆದರೆ, ನಾಳೆ ವ್ಯಾಜ್ಯ ಬಂದಾಗ ಯಾರ ಮೇಲೆ ನೋಟಿಸ್ ಕಳುಹಿಸಬೇಕು ಎಂಬ ಪ್ರಶ್ನೆ ಏಳುತ್ತದೆ. 'ಇಂಥವರು, ಮಾಲೀಕರು, ಇಂಥ ಅಂಗಡಿ' ಎಂದು ಎರಡನ್ನೂ ಸೇರಿಸಿ ಬರೆಯುವುದು ಸರಿಯಾದ ಕ್ರಮ.

ಕಂಪನಿಯಾದರೆ ಇನ್ನೊಂದು ಕಾಲಂನಲ್ಲಿ ಸಿಐಎನ್, ಅಂದರೆ ಕಂಪನಿಯ ಗುರುತಿನ ಸಂಖ್ಯೆ ಬೇಕು. ಇಪ್ಪತ್ತೊಂದು ಅಕ್ಷರಗಳ ಈ ಸಂಖ್ಯೆಯನ್ನು ಓದಲು ಕಲಿತವರಿಗೆ ಅರ್ಧ ಪ್ರೊಫೈಲ್ ಅಲ್ಲೇ ಸಿಗುತ್ತದೆ. ಮೊದಲ ಅಕ್ಷರ L ಆದರೆ ಷೇರುಪೇಟೆಯಲ್ಲಿ ನೋಂದಾಯಿತ, U ಆದರೆ ಅಲ್ಲ. ಅದರ ಮುಂದಿನ ಐದು ಅಂಕಿಗಳು ಉದ್ಯಮದ ಬಗೆ, ಆಮೇಲೆ ರಾಜ್ಯದ ಎರಡು ಅಕ್ಷರ, ಅನಂತರ ಸ್ಥಾಪನೆಯ ವರ್ಷ, ಆಮೇಲೆ ಪ್ರೈವೇಟ್, ಪಬ್ಲಿಕ್ ಅಥವಾ ಏಕವ್ಯಕ್ತಿ ಕಂಪನಿ ಎಂಬುದನ್ನು ಹೇಳುವ PTC ಅಥವಾ PLC ಅಥವಾ OPC ಎಂಬಂಥ ಮೂರಕ್ಷರ. 'ಇಪ್ಪತ್ತು ವರ್ಷದ ಅನುಭವ' ಎಂದು ಕ್ಯಾಟಲಾಗ್‌ನಲ್ಲಿ ಬರೆದವರ ಸಿಐಎನ್‌ನಲ್ಲಿ ಎರಡು ವರ್ಷದ ಹಿಂದಿನ ಇಸವಿ ಇದ್ದರೆ ಅದು ಸುಳ್ಳೆಂದೇ ಆಗಬೇಕಿಲ್ಲ. ಹಳೆಯ ಪಾಲುದಾರಿಕೆ ಕಂಪನಿಯಾಗಿರಬಹುದು. ಆದರೆ ಕೇಳಲೇಬೇಕಾದ ಪ್ರಶ್ನೆ ಅದು.

ಈಗ ನಮ್ಮ ಲೇತ್ ವರ್ಕ್‌ಶಾಪ್‌ಗೆ ಬರೋಣ. ಹಳೆಯ ಸಾಲಿನ ಪ್ಯಾನ್ `XXXPX0000X` ಮಾದರಿಯದು. ಕಂಪನಿಯಾದ ಮೇಲೆ ಅವರು ಬಿಲ್ಲಿನಲ್ಲಿ ಮುದ್ರಿಸಿದ ಜಿಎಸ್‌ಟಿ ನಂಬರು `29XXXCX0000X1ZX` ಮಾದರಿಯದು. ಹೊಸ ಕಂಪನಿ ಎಂದರೆ ಹೊಸ ಪ್ಯಾನ್, ಹೊಸ ಜಿಎಸ್‌ಟಿ ನಂಬರು. ನಾವು ಹೆಸರನ್ನು ಮಾತ್ರ ತಿದ್ದಿದ್ದರಿಂದ ನಮ್ಮ ಲೆಕ್ಕಪತ್ರ ವಿಭಾಗ ಹಳೆಯ ಪ್ಯಾನ್‌ನಲ್ಲೇ ಮುಂದುವರಿಯಿತು. ಜಾಬ್ ವರ್ಕ್ ಬಿಲ್ಲಿಗೆ ಟಿಡಿಎಸ್ ವ್ಯಕ್ತಿಗಾದರೆ ಶೇಕಡಾ 1, ಕಂಪನಿಗಾದರೆ ಶೇಕಡಾ 2. ತಿಂಗಳಿಗೆ ಸುಮಾರು 4 ಲಕ್ಷ ರೂಪಾಯಿ ಬಿಲ್ಲಿಗೆ 8,000 ರೂಪಾಯಿ ಹಿಡಿಯಬೇಕಾದಲ್ಲಿ 4,000 ಹಿಡಿದೆವು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಏಳು ತಿಂಗಳಲ್ಲಿ 28,000 ರೂಪಾಯಿ ಕಡಿಮೆ ಹಿಡಿದೆವು, ಅದರ ಮೇಲೆ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿಯನ್ನು ನಾವೇ ಕಟ್ಟಿದೆವು. ಹಿಡಿದ ಹಣವೂ ಕಂಪನಿಯ ಹೆಸರಿಗೆ ಹೋಗದೆ ಮಾಲೀಕರ ಸ್ವಂತ ಪ್ಯಾನ್‌ಗೆ ಜಮೆಯಾಗಿತ್ತು. ಜಿಎಸ್‌ಟಿ ಹೊಂದಾಣಿಕೆ ಮಾಡುವಾಗ ಪ್ರತಿ ತಿಂಗಳೂ ನಂಬರು ತಾಳೆಯಾಗುತ್ತಿರಲಿಲ್ಲ. ಹೆಸರು ಅದೇ ಇದೆಯಲ್ಲ ಎಂದು ಕೈಯಿಂದಲೇ ಸರಿಮಾಡಿ ಮುಂದೆ ಹೋಗುತ್ತಿದ್ದರು. ನವೆಂಬರ್‌ನಲ್ಲಿ ಆ ಮಾಲೀಕರೇ ಬಂದು, 'ಸಾರ್, ಕಂಪನಿ ಖಾತೆಯಲ್ಲಿ ನಿಮ್ಮ ಟಿಡಿಎಸ್ ಕಾಣ್ತಿಲ್ಲ' ಎಂದಾಗ ವಿಷಯ ತಿಳಿಯಿತು.

ಇದರಿಂದ ಬಂದ ನಿಯಮ ಇಷ್ಟು: ಪ್ಯಾನ್ ಬದಲಾದರೆ ಅದು ಹೊಸ ವೆಂಡರ್. ಹಳೆಯ ಸಾಲನ್ನು ತಿದ್ದಬಾರದು, ಅಳಿಸಲೂಬಾರದು. ಮುಚ್ಚಿದ ದಿನಾಂಕ ಬರೆದು, 'ಮುಂದಿನ ಸಾಲು' ಎಂಬ ಕಾಲಂನಲ್ಲಿ ಹೊಸ ಪ್ಯಾನ್ ದಾಖಲಿಸಬೇಕು. ಹಳೆಯ ಸಾಲಿನ ಬಾಕಿ ಆರ್ಡರ್‌ಗಳನ್ನು ಹೊಸ ಸಂಸ್ಥೆಯ ಹೆಸರಿಗೆ ಲಿಖಿತ ಪತ್ರದ ಮೂಲಕವೇ ವರ್ಗಾಯಿಸಬೇಕು. ಹೆಸರು ಮಾತ್ರ ಬದಲಾಗಿ ಪ್ಯಾನ್ ಅದೇ ಉಳಿದಿದ್ದರೆ, ಉದಾಹರಣೆಗೆ ಕಂಪನಿ ತನ್ನ ಹೆಸರನ್ನಷ್ಟೇ ಬದಲಿಸಿಕೊಂಡಿದ್ದರೆ, ಆಗ ಅದೇ ಸಾಲಿನಲ್ಲಿ ಹಳೆಯ ಹೆಸರನ್ನು ಪಕ್ಕಕ್ಕಿಟ್ಟು ಹೊಸದನ್ನು ಬರೆದರೆ ಸಾಕು.

ಮೂರನೆಯ ಹೆಜ್ಜೆ: ಮಾಲೀಕತ್ವ

ಬಹಳ ಶೀಟ್‌ಗಳಲ್ಲಿ ಈ ಜಾಗದಲ್ಲಿ 'ಸಂಪರ್ಕಿಸಬೇಕಾದ ವ್ಯಕ್ತಿ' ಎಂಬ ಕಾಲಂ ಇರುತ್ತದೆ. ಫೋನ್ ಎತ್ತುವವರು ಮಾಲೀಕರಲ್ಲ, ನಿರ್ದೇಶಕರಾಗಿರುವವರೆಲ್ಲರೂ ಮಾಲೀಕರಲ್ಲ. ಮಾಲೀಕತ್ವಕ್ಕೆ ಮೂರನೆಯ ಹಾಳೆಯನ್ನೇ ಮಾಡಿ, ಒಬ್ಬೊಬ್ಬ ಮಾಲೀಕರಿಗೆ ಒಂದೊಂದು ಸಾಲು ಕೊಡುವುದು ಒಳ್ಳೆಯದು: ವೆಂಡರ್‌ನ ಪ್ಯಾನ್, ವ್ಯಕ್ತಿಯ ಹೆಸರು, ಪಾತ್ರ, ಶೇಕಡಾ ಪಾಲು, ಯಾವ ದಿನಾಂಕಕ್ಕೆ, ಯಾವ ದಾಖಲೆಯಿಂದ. ಪಾಲುದಾರಿಕೆಗೆ ಪಾಲುದಾರಿಕೆ ಪತ್ರ, ಕಂಪನಿಗೆ ಷೇರುದಾರರ ಪಟ್ಟಿ ಅಥವಾ ಇತ್ತೀಚಿನ ವಾರ್ಷಿಕ ರಿಟರ್ನಿನ ಪ್ರತಿ ಕೇಳಬೇಕು. ಒಬ್ಬ ಷೇರುದಾರ ಇನ್ನೊಂದು ಕಂಪನಿಯಾಗಿದ್ದರೆ ಅಲ್ಲಿಗೇ ನಿಲ್ಲದೆ, ಮನುಷ್ಯರ ಹೆಸರು ಬರುವವರೆಗೆ ಮೇಲಕ್ಕೆ ಹೋಗಬೇಕು. ಎಷ್ಟು ಪಾಲಿನವರೆಗೆ ಬರೆಯಬೇಕು ಎಂಬುದಕ್ಕೆ ಕಂಪನಿ ಕಾಯ್ದೆಯ ಗಮನಾರ್ಹ ನಿಜ ಮಾಲೀಕರ ನಿಯಮದಲ್ಲಿರುವ ಶೇಕಡಾ 10ರ ಮಿತಿಯನ್ನು ನಾನು ಅಳತೆಯಾಗಿ ಇಟ್ಟುಕೊಂಡಿದ್ದೇನೆ.

ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ಅದೇ ವರ್ಕ್‌ಶಾಪ್‌ನ ಮುಂದಿನ ಭಾಗ ಹೇಳಬೇಕು. ಹೊಸ ಕಂಪನಿಯ ಷೇರುಗಳಲ್ಲಿ ಶೇಕಡಾ 60 ಹಳೆಯ ಮಾಲೀಕರದು, 25 ಅವರ ತಮ್ಮನದು, 15 ಹೆಂಡತಿಯದು. ತಮ್ಮನ ಹೆಸರನ್ನು ಮಾಲೀಕರ ಹಾಳೆಗೆ ಹಾಕಿದ ತಕ್ಷಣ ಅದು ಇನ್ನೊಂದು ಸಾಲಿನಲ್ಲೂ ಇರುವುದು ಕಂಡಿತು: ನಮ್ಮ ಇನ್ನೊಬ್ಬ ಲೇತ್ ವೆಂಡರ್ ಆಗಿದ್ದ ಪಾಲುದಾರಿಕೆ ಸಂಸ್ಥೆಯಲ್ಲಿ ಅವರು ಪಾಲುದಾರರು. ಅಂದರೆ ನಾವು ಮೂರು ಕೊಟೇಶನ್ ತರಿಸಿ ಹೋಲಿಸಿದ್ದೇವೆ ಎಂದು ಕಡತದಲ್ಲಿ ಬರೆದುಕೊಂಡಿದ್ದಾಗ, ಆ ಮೂರರಲ್ಲಿ ಎರಡು ಒಂದೇ ಮನೆಯಿಂದ ಬಂದಿದ್ದವು. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ, ಕೇಳಿದವರಿರಲಿಲ್ಲ, ಅಷ್ಟೆ. ಅಂದಿನಿಂದ ಕೊಟೇಶನ್ ಹೋಲಿಕೆಯ ಹಾಳೆಗೆ ಹೆಸರು ಹೋಗುವ ಮೊದಲು ಮಾಲೀಕರ ಕಾಲಂ, ಬ್ಯಾಂಕ್ ಖಾತೆ, ನೋಂದಾಯಿತ ವಿಳಾಸ ಮತ್ತು ಫೋನ್ ನಂಬರುಗಳಲ್ಲಿ ಒಂದಾದರೂ ಇನ್ನೊಬ್ಬ ಸ್ಪರ್ಧಿಯೊಂದಿಗೆ ತಾಳೆಯಾಗುತ್ತದೆಯೇ ಎಂದು ನೋಡುವ ಕ್ರಮ ಬಂತು.

ನಮ್ಮದೇ ಸಂಸ್ಥೆಯ ನಿರ್ದೇಶಕರ, ಖರೀದಿ ವಿಭಾಗದವರ ಸಂಬಂಧಿಕರು ವೆಂಡರ್‌ನಲ್ಲಿ ಇದ್ದಾರೆಯೇ ಎಂಬ ಘೋಷಣೆಯೂ ಇಲ್ಲಿಯೇ ಬರಬೇಕು. ಕಂಪನಿ ಕಾಯ್ದೆಯ 188ನೇ ಕಲಂ ಪ್ರಕಾರ ಸಂಬಂಧಿತ ಪಕ್ಷಗಳ ಜೊತೆಗಿನ ಕೆಲವು ವ್ಯವಹಾರಗಳಿಗೆ ಮಂಡಳಿಯ ಒಪ್ಪಿಗೆ ಬೇಕಾಗುತ್ತದೆ. ಖರೀದಿ ಅಧಿಕಾರಿ ಅದನ್ನು ತೀರ್ಮಾನಿಸಬೇಕಿಲ್ಲ. ಕಾಲಂನಲ್ಲಿ 'ಹೌದು' ಎಂದಿದ್ದರೆ ಕಡತವನ್ನು ಕಂಪನಿ ಕಾರ್ಯದರ್ಶಿಗೆ ಕಳುಹಿಸಿದರೆ ಸಾಕು. ಕೇಂದ್ರ ಸರ್ಕಾರದ ಉದ್ಯಮಗಳಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಕಾಲಂ ಬೇಕಾಗುತ್ತದೆ: 2012ರ ಸಾರ್ವಜನಿಕ ಖರೀದಿ ನೀತಿಯಂತೆ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕಾದ ಶೇಕಡಾ 25ರ ಖರೀದಿಯೊಳಗೆ ಪರಿಶಿಷ್ಟ ಜಾತಿ ಮತ್ತು ಪಂಗಡದವರ ಉದ್ಯಮಗಳಿಗೆ ಶೇಕಡಾ 4, ಮಹಿಳೆಯರ ಉದ್ಯಮಗಳಿಗೆ ಶೇಕಡಾ 3 ಇದೆ. ಪ್ರೈವೇಟ್ ಕಂಪನಿಯಾದರೆ ಆ ವರ್ಗದವರ ಪಾಲು ಶೇಕಡಾ 51ಕ್ಕೆ ಕಡಿಮೆಯಿರಬಾರದು. ಮೇಲಿನ ಉದಾಹರಣೆಯ ಕಂಪನಿಯಲ್ಲಿ ಹೆಂಡತಿಯ ಪಾಲು 15 ಮಾತ್ರ. ಅವರು ನಿರ್ದೇಶಕಿಯಾಗಿದ್ದರೂ ಅದು ಮಹಿಳಾ ಉದ್ಯಮವಾಗುವುದಿಲ್ಲ. ಶೇಕಡಾವಾರು ಕಾಲಂ ಇಲ್ಲದ ಶೀಟ್ ಇದನ್ನು ಹೇಳಲಾರದು.

ನಾಲ್ಕನೆಯ ಹೆಜ್ಜೆ: ಗಾತ್ರ

ಗಾತ್ರದ ಕಾಲಂನಲ್ಲಿ ಅತ್ಯಂತ ಸಾಮಾನ್ಯ ತಪ್ಪು 'ಎಂಎಸ್‌ಎಂಇ: ಹೌದು ಅಥವಾ ಇಲ್ಲ' ಎಂದು ಬರೆಯುವುದು. ಎಂಎಸ್‌ಎಂಇ ಎಂಬುದರಲ್ಲಿ ಅತಿ ಸಣ್ಣ, ಸಣ್ಣ, ಮಧ್ಯಮ ಎಂಬ ಮೂರು ವರ್ಗಗಳಿವೆ; ಪಾವತಿ ವಿಳಂಬದ ಕಾನೂನು ರಕ್ಷಣೆ ಮೊದಲ ಎರಡಕ್ಕೆ ಮಾತ್ರ ಇದೆ. 2025ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಿತಿಗಳ ಪ್ರಕಾರ ಯಂತ್ರೋಪಕರಣಗಳ ಹೂಡಿಕೆ 2.5 ಕೋಟಿ ಮತ್ತು ವಾರ್ಷಿಕ ವಹಿವಾಟು 10 ಕೋಟಿ ಮೀರದಿದ್ದರೆ ಅತಿ ಸಣ್ಣ. 25 ಕೋಟಿ ಮತ್ತು 100 ಕೋಟಿ ಮೀರದಿದ್ದರೆ ಸಣ್ಣ. 125 ಕೋಟಿ ಮತ್ತು 500 ಕೋಟಿ ಮೀರದಿದ್ದರೆ ಮಧ್ಯಮ. ಎರಡು ಅಳತೆಗಳಲ್ಲಿ ಒಂದನ್ನು ಮೀರಿದರೂ ಮೇಲಿನ ವರ್ಗಕ್ಕೆ ಹೋಗುತ್ತಾರೆ. ರಫ್ತಿನ ವಹಿವಾಟನ್ನು ಲೆಕ್ಕದಿಂದ ಬಿಡುತ್ತಾರೆ, ಒಂದೇ ಪ್ಯಾನ್‌ನ ಎಲ್ಲ ಘಟಕಗಳನ್ನು ಕೂಡಿಸುತ್ತಾರೆ. ಖರೀದಿ ಅಧಿಕಾರಿ ತಾನೇ ಲೆಕ್ಕ ಹಾಕಿ ವರ್ಗ ನಿರ್ಧರಿಸಬಾರದು. ಎಂಎಸ್‌ಎಂಇಗಳ ಸರ್ಕಾರಿ ನೋಂದಣಿಯಾದ ಉದ್ಯಮ್‌ನ ಪ್ರಮಾಣಪತ್ರದಲ್ಲಿ ವರ್ಷವಾರು ಬರೆದಿರುವುದನ್ನು ನೋಡಿ ತುಂಬಬೇಕು.

ಪ್ರಮಾಣಪತ್ರದಿಂದ ನಾಲ್ಕು ಸಂಗತಿಗಳನ್ನು ಶೀಟಿಗೆ ತರಬೇಕು: `UDYAM-KR-00-0000000` ಮಾದರಿಯ ನೋಂದಣಿ ಸಂಖ್ಯೆ, ವರ್ಗ, ಆ ವರ್ಗ ಯಾವ ವರ್ಷದ್ದು, ಮುಖ್ಯ ಚಟುವಟಿಕೆ. ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. 2021ರ ಜುಲೈಯಿಂದ ವ್ಯಾಪಾರಿಗಳೂ ಉದ್ಯಮ್‌ನಲ್ಲಿ ನೋಂದಾಯಿಸಿಕೊಳ್ಳಬಹುದು, ಆದರೆ ಅವರಿಗೆ ಸಿಗುವ ಪ್ರಯೋಜನ ಬ್ಯಾಂಕುಗಳ ಆದ್ಯತಾ ಸಾಲಕ್ಕೆ ಸೀಮಿತ. ಉದ್ಯಮ್ ಸಂಖ್ಯೆ ಇದೆ ಎಂದ ಮಾತ್ರಕ್ಕೆ ಬೋಲ್ಟ್ ತಯಾರಿಸುವವರನ್ನೂ ಬೋಲ್ಟ್ ಕೊಂಡು ಮಾರುವವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವಂತಿಲ್ಲ. ಸಂಖ್ಯೆಯನ್ನು ಉದ್ಯಮ್ ಪೋರ್ಟಲ್‌ನಲ್ಲಿಯೇ ಪರಿಶೀಲಿಸಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪಿಡಿಎಫ್ ಎರಡು ವರ್ಷ ಹಳೆಯದಾಗಿರುವುದು ಸಾಮಾನ್ಯ.

ಈ ಕಾಲಂ ತುಂಬಿದ ಮೇಲೆ ಪಾವತಿಯ ಷರತ್ತಿನ ಕಾಲಂ ಅದಕ್ಕೆ ಅನುಗುಣವಾಗಿ ಇರಬೇಕು. ತಯಾರಿಕೆ ಅಥವಾ ಸೇವೆಯಲ್ಲಿರುವ ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಗೆ ಲಿಖಿತ ಒಪ್ಪಂದವಿದ್ದರೂ ಸರಕು ಸ್ವೀಕರಿಸಿದ ದಿನದಿಂದ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ಪರ್ಚೇಸ್ ಆರ್ಡರ್‌ನಲ್ಲಿ '60 ದಿನ' ಎಂದು ಮುದ್ರಿಸಿ ವೆಂಡರ್ ಸಹಿ ಹಾಕಿದ್ದರೂ ಅದು ನಿಲ್ಲುವುದಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳ ಚಕ್ರಬಡ್ಡಿಯಾಗಿ ಬೀಳುತ್ತದೆ.

ನಮ್ಮ ವರ್ಕ್‌ಶಾಪ್‌ನ ಹಳೆಯ ಉದ್ಯಮ್ ಸಂಖ್ಯೆಯೂ ಹೊಸ ಕಂಪನಿಯ ಸಾಲಿಗೆ ತಾನಾಗಿ ಬಂದುಬಿಟ್ಟಿತ್ತು. ಉದ್ಯಮ್ ನೋಂದಣಿ ಪ್ಯಾನ್ ಆಧಾರದ ಮೇಲೆ ಇರುವುದರಿಂದ ಕಂಪನಿ ಹೊಸದಾಗಿ ನೋಂದಾಯಿಸಿಕೊಳ್ಳಬೇಕಾಗಿತ್ತು, ಅವರು ಅದನ್ನು ಮಾಡಿಕೊಂಡದ್ದು ಆಗಸ್ಟ್‌ನಲ್ಲಿ. ಆದ್ದರಿಂದ ಗಾತ್ರದ ಕಾಲಂನಲ್ಲಿ 'ನೋಂದಣಿಯಿಲ್ಲ' ಎಂಬುದೂ ಒಂದು ಉತ್ತರವಾಗಿರಬೇಕು. ಖಾಲಿ ಬಿಟ್ಟರೆ ಕೇಳಿಲ್ಲವೋ, ಕೇಳಿದರೂ ಇಲ್ಲವೋ ಎಂಬುದು ತಿಳಿಯುವುದಿಲ್ಲ.

ಐದನೆಯ ಹೆಜ್ಜೆ: ಸ್ಥಿತಿ

ಸ್ಥಿತಿಯಲ್ಲಿ ಎರಡು ಬಗೆಯಿದೆ, ಅವನ್ನು ಒಂದೇ ಕಾಲಂನಲ್ಲಿ ಬೆರೆಸಬಾರದು. ಒಂದು, ಸರ್ಕಾರಿ ದಾಖಲೆಗಳಲ್ಲಿರುವ ಸ್ಥಿತಿ. ಇನ್ನೊಂದು, ನಮ್ಮ ಸಂಸ್ಥೆ ಆ ವೆಂಡರ್‌ಗೆ ಕೊಟ್ಟಿರುವ ಸ್ಥಿತಿ, ಅಂದರೆ ಅನುಮೋದಿತ, ತಾತ್ಕಾಲಿಕ ತಡೆ, ನಿಷೇಧ ಇತ್ಯಾದಿ. ಗುಣಮಟ್ಟದ ಕಾರಣಕ್ಕೆ ನಾವು ತಡೆಹಿಡಿದವರು ಜಿಎಸ್‌ಟಿಯಲ್ಲಿ ಸರಿಯಾಗಿಯೇ ಇರುತ್ತಾರೆ. ನಾವು ಅನುಮೋದಿಸಿದವರ ನೋಂದಣಿ ರದ್ದಾಗಿರಬಹುದು. ತಡೆ ಅಥವಾ ನಿಷೇಧ ಹಾಕಿದರೆ ಕಾರಣ, ಆದೇಶದ ದಿನಾಂಕ, ಮುಗಿಯುವ ದಿನಾಂಕ ಮೂರನ್ನೂ ಬರೆಯಬೇಕು. ಮುಗಿಯುವ ದಿನಾಂಕವಿಲ್ಲದ ತಡೆ ವರ್ಷಗಟ್ಟಲೆ ಹಾಗೆಯೇ ಉಳಿದು, ಯಾಕೆ ಹಾಕಿದ್ದೆಂದು ಗೊತ್ತಿರುವವರೇ ಇಲ್ಲದಂತಾಗುವುದನ್ನು ನಾನು ನೋಡಿದ್ದೇನೆ, ಅದು ವೆಂಡರ್‌ಗೆ ಆಗುವ ಅನ್ಯಾಯ.

ಜಿಎಸ್‌ಟಿ ಪೋರ್ಟಲ್‌ನಲ್ಲಿ Active, Suspended, Cancelled ಎಂಬ ಮಾತುಗಳು ಕಾಣುತ್ತವೆ. ರದ್ದಾಗಿದ್ದರೆ ರದ್ದತಿ ಯಾವ ದಿನದಿಂದ ಅನ್ವಯ ಎಂಬ ದಿನಾಂಕವನ್ನೂ ಬರೆದುಕೊಳ್ಳಬೇಕು, ಏಕೆಂದರೆ ಅಧಿಕಾರಿಗಳು ಹಿಂದಿನ ದಿನಾಂಕದಿಂದಲೂ ರದ್ದು ಮಾಡಬಹುದು. ಆ ದಿನಾಂಕದ ನಂತರದ ಬಿಲ್ಲುಗಳ ತೆರಿಗೆ ಜಮೆ ನಮಗೆ ತೊಂದರೆ ತರುತ್ತದೆ. ರದ್ದಾಗುವ ಮುನ್ನವೇ ಸುಳಿವು ಸಿಗುವುದು ಅದೇ ಪುಟದ ರಿಟರ್ನ್ ಸಲ್ಲಿಕೆಯ ಪಟ್ಟಿಯಲ್ಲಿ: ಎರಡು ಮೂರು ತಿಂಗಳಿನಿಂದ ರಿಟರ್ನ್ ಸಲ್ಲಿಸಿಲ್ಲ ಎಂದು ಕಂಡರೆ ಮುಂಗಡ ಕೊಡುವ ಮೊದಲು ಮಾತನಾಡಬೇಕು. ಅಲ್ಲಿಯೇ Composition ಎಂದು ಇದ್ದರೆ ಅವರು ಬಿಲ್ಲಿನಲ್ಲಿ ತೆರಿಗೆ ವಸೂಲು ಮಾಡುವಂತಿಲ್ಲ ಎಂಬುದನ್ನೂ ಗಮನಿಸಬೇಕು.

ಕಂಪನಿಗಳ ಸ್ಥಿತಿಯನ್ನು ಕಂಪನಿ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ನೋಡಬೇಕು. Strike Off ಎಂದಿದ್ದರೆ ಆ ಕಂಪನಿಯನ್ನು ನೋಂದಣಿ ಪುಸ್ತಕದಿಂದ ತೆಗೆದುಹಾಕಲಾಗಿದೆ, ಅದಕ್ಕೆ ಆರ್ಡರ್ ಕೊಡಬಾರದು. ದಿವಾಳಿ ಪ್ರಕ್ರಿಯೆಯಲ್ಲಿದೆ ಎಂದು ತೋರಿಸಿದರೆ ಆ ಕಂಪನಿ ಸರಬರಾಜು ಮುಂದುವರಿಸಬಹುದು, ಆದರೆ ಸಹಿ ಮಾಡುವ ಅಧಿಕಾರ ನಿರ್ದೇಶಕರ ಕೈತಪ್ಪಿ, ದಿವಾಳಿ ಪ್ರಕ್ರಿಯೆಗೆ ನೇಮಕಗೊಂಡ ಪರಿಹಾರ ವೃತ್ತಿಪರರಿಗೆ ಹೋಗಿರುತ್ತದೆ. ಮಾಲೀಕತ್ವದ ಹಾಳೆಯಲ್ಲಿ ಅವರ ಹೆಸರು ಬರಬೇಕು, ಹಳೆಯ ನಿರ್ದೇಶಕರ ಪತ್ರದ ಮೇಲೆ ಬ್ಯಾಂಕ್ ಖಾತೆ ಬದಲಿಸಬಾರದು.

ಎಷ್ಟು ದಿನಕ್ಕೊಮ್ಮೆ ನೋಡಬೇಕು? ಸಂಸ್ಥೆಯ ಸ್ವರೂಪವನ್ನು ಹೊಸ ಪ್ಯಾನ್ ಅಥವಾ ಹೊಸ ಲೆಟರ್‌ಹೆಡ್ ಕಂಡಾಗ, ಮಾಲೀಕತ್ವವನ್ನು ವರ್ಷಕ್ಕೊಮ್ಮೆ ಘೋಷಣೆ ತರಿಸಿಕೊಂಡು, ಗಾತ್ರವನ್ನು ಪ್ರತಿ ಏಪ್ರಿಲ್‌ನಲ್ಲಿ, ಜಿಎಸ್‌ಟಿ ಸ್ಥಿತಿಯನ್ನು ಮೂರು ತಿಂಗಳಿಗೊಮ್ಮೆ ಮತ್ತು ಪ್ರತಿ ದೊಡ್ಡ ಆರ್ಡರ್‌ಗೆ ಮುನ್ನ. ಇನ್ನೂರು ವೆಂಡರ್‌ಗಳಿದ್ದರೆ ಎಲ್ಲರನ್ನೂ ಒಂದೇ ದಿನ ನೋಡಲು ಹೋಗದೆ ವಾರಕ್ಕೆ ಹದಿನಾರು ಸಾಲುಗಳಂತೆ ಹಂಚಿಕೊಂಡರೆ ಹದಿಮೂರು ವಾರದಲ್ಲಿ ಒಂದು ಸುತ್ತು ಮುಗಿಯುತ್ತದೆ. ನೋಡಿದ ದಿನಾಂಕದ H ಕಾಲಂಗೆ ಈ ಸೂತ್ರದ ಷರತ್ತುಬದ್ಧ ಬಣ್ಣ ಹಾಕಿಟ್ಟರೆ ಹಳತಾದ ಸಾಲುಗಳು ತಾವೇ ಎದ್ದು ಕಾಣುತ್ತವೆ:

```
=TODAY()-H2>92
```

ಆ ಲೇತ್ ವರ್ಕ್‌ಶಾಪ್ ಇಂದು ನಮ್ಮ ಶೀಟ್‌ನಲ್ಲಿ ಎರಡು ಸಾಲುಗಳಾಗಿ ಇದೆ. ಮೊದಲನೆಯದು ಬೂದು ಬಣ್ಣದಲ್ಲಿ, ಮುಚ್ಚಿದ ದಿನಾಂಕ ಮಾರ್ಚ್ 31. ಎರಡನೆಯದರಲ್ಲಿ ಕಂಪನಿಯ ಪ್ಯಾನ್, ಮೂವರು ಷೇರುದಾರರು, ಆಗಸ್ಟ್‌ನ ಉದ್ಯಮ್ ಸಂಖ್ಯೆ, ಮತ್ತು ತಮ್ಮನ ಪಾಲುದಾರಿಕೆ ಸಂಸ್ಥೆಯ ಸಾಲಿಗೆ ಕೊಂಡಿ. ಲೇತ್ ಕೆಲಸಕ್ಕೆ ಕೊಟೇಶನ್ ಕೇಳುವಾಗ ಈಗ ಆ ಮನೆಯಿಂದ ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ, ಮೂರನೆಯದಕ್ಕೆ ದಾಬಸ್‌ಪೇಟೆಯವರೆಗೆ ಹೋಗುತ್ತೇವೆ.